ಒಂದೇ ಮೀಟಿಂಗ್, ಒಬ್ಬರಿಗೆ ಬೆಳಗ್ಗೆ, ಇನ್ನೊಬ್ಬರಿಗೆ ರಾತ್ರಿ: ಏನಂತ ಶುರು ಮಾಡೋದು?

ಹೊಸ_ನಿರೂಪಕಿ
ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ವಿಷಯ, ಆದರೆ ಪ್ರತಿ ವಾರ ತಲೆ ತಿನ್ನುತ್ತಿದೆ. ನಮ್ಮ ತಂಡದ ಆನ್‌ಲೈನ್ ಮೀಟಿಂಗ್ ನಡೆಸುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಮಂಗಳವಾರ ಭಾರತದ ಸಮಯ ಸಂಜೆ 5ಕ್ಕೆ ಶುರು, 6ಕ್ಕೆ ಮುಗಿಯುತ್ತದೆ. ಸೇರುವವರಲ್ಲಿ ಕೆಲವರು ಲಂಡನ್‌ನಲ್ಲಿ, ಕೆಲವರು ನ್ಯೂಯಾರ್ಕ್‌ನಲ್ಲಿ, ಇಬ್ಬರು ಟೋಕಿಯೋದಲ್ಲಿ ಇದ್ದಾರೆ. ನನಗಿಂತ ಮೊದಲು ನಡೆಸುತ್ತಿದ್ದವರು ಪ್ರತಿ ಸಲ "ಗುಡ್ ಮಾರ್ನಿಂಗ್, ಗುಡ್ ಆಫ್ಟರ್‌ನೂನ್, ಗುಡ್ ಈವನಿಂಗ್" ಅಂತ ಮೂರನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದರು. ನನಗೆ ಅದು ರೈಲ್ವೆ ಅನೌನ್ಸ್‌ಮೆಂಟ್ ಥರ ಕೇಳಿಸುತ್ತದೆ.

ಮೀಟಿಂಗ್ ರೆಕಾರ್ಡ್ ಆಗುತ್ತದೆ. ಬರದೆ ಇದ್ದವರು ಆಮೇಲೆ ನೋಡುತ್ತಾರೆ. ಒಂದು ಮೇಲ್ ಕೂಡ ಹೋಗುತ್ತದೆ. ನೀವಾದರೆ ಏನಂತ ಹೇಳುತ್ತಿದ್ದಿರಿ? ಮಾತಾಡುವುದು ಇಂಗ್ಲಿಷಿನಲ್ಲಿ. ಆದರೆ ಕನ್ನಡದವರ ಗುಂಪಿಗೂ ಇದೇ ತೊಂದರೆ ಇರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಕಡ್ಡಿಮಾತು
ಹಲೋ ಎಲ್ರಿಗೂ. ಮುಗೀತು. ಇದಕ್ಕೊಂದು ಚರ್ಚೆ ಬೇಕಾ?

ಬೆಳಗಿನ_ಬಾನು
ದಯವಿಟ್ಟು ಈ ಶುಭೋದಯ ಚಿತ್ರ ಕಳಿಸುವುದನ್ನು ಎಲ್ಲರೂ ನಿಲ್ಲಿಸಿ!! ಹೂವು, ಸೂರ್ಯ, ಒಂದು ಸುಭಾಷಿತ. ನನ್ನ ಫೋನ್ ತುಂಬಿ ಹೋಗಿದೆ. ಹಿರಿಯರು ಕಳಿಸುತ್ತಾರೆ, ಬೇಡ ಅನ್ನಲೂ ಆಗಲ್ಲ.

ಕಡ್ಡಿಮಾತು
@ಬೆಳಗಿನ_ಬಾನು ಅವರು ಕೇಳಿದ್ದು ಮೀಟಿಂಗ್ ಬಗ್ಗೆ. ನೀವು ಸಿಟ್ಟಾಗಿರುವುದು ಫ್ಯಾಮಿಲಿ ಗ್ರೂಪ್ ಮೇಲೆ.

ಬೆಳಗಿನ_ಬಾನು
ಎರಡೂ ಒಂದೇ ಅಲ್ವಾ, ಬೇಡದ ಹೊತ್ತಲ್ಲಿ ಬರುವ ಶುಭಾಶಯ.

ಪದಪ್ರಿಯ
ನಿಯಮ ಸುಲಭ ಇದೆ. 12ರ ತನಕ ಗುಡ್ ಮಾರ್ನಿಂಗ್, 12ರಿಂದ ಆಫ್ಟರ್‌ನೂನ್, ಸಂಜೆ ಈವನಿಂಗ್, ರಾತ್ರಿ 9 ಆದ ಮೇಲೆ ಗುಡ್ ನೈಟ್. ಮೀಟಿಂಗ್ ನಡೆಸುವವರ ಗಡಿಯಾರವೇ ಲೆಕ್ಕ. ನಿಮಗೆ ಸಂಜೆ 5 ಆಗಿದ್ದರೆ ಗುಡ್ ಈವನಿಂಗ್ ಅನ್ನಿ, ಉಳಿದವರು ಅರ್ಥ ಮಾಡಿಕೊಳ್ಳುತ್ತಾರೆ.

ತಂತಿ_ತಾತ
ಪದಪ್ರಿಯರೇ, ಎರಡು ಕಡೆ ಎಡವಿದ್ದೀರಿ. ಗುಡ್ ನೈಟ್ ಅನ್ನುವುದು ಎಷ್ಟು ತಡರಾತ್ರಿ ಆದರೂ ಎದುರುಗೊಳ್ಳುವ ಮಾತಲ್ಲ, ಬೀಳ್ಕೊಡುವ ಮಾತು. ರಾತ್ರಿ 11ಕ್ಕೆ ಯಾರಾದರೂ ಸಿಕ್ಕರೆ ಇಂಗ್ಲಿಷಿನಲ್ಲಿ ಗುಡ್ ಈವನಿಂಗೇ. ಹೊರಡುವಾಗ ಮಾತ್ರ ಗುಡ್ ನೈಟ್. ನಮ್ಮ ಶುಭರಾತ್ರಿಯೂ ಹಾಗೆಯೇ ಬಳಕೆಯಲ್ಲಿದೆ. ಬಾಗಿಲು ತೆಗೆದ ತಕ್ಷಣ ಶುಭರಾತ್ರಿ ಅಂದರೆ ಬಂದವರು ವಾಪಸ್ ಹೋಗಬೇಕಷ್ಟೆ.

ಎರಡನೆಯದು ಗಡಿಯಾರದ್ದು. ನಾನು ಹ್ಯಾಮ್ ರೇಡಿಯೋದವನು, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ದೂರದವರ ಜೊತೆ ಮಾತಾಡುವವನು, ಮೋರ್ಸ್ ಸಂಕೇತ ಕುಟ್ಟುತ್ತಾ ವಯಸ್ಸಾದವನು. ನಮ್ಮಲ್ಲಿ ಈ ಸಮಸ್ಯೆ ಇಂಟರ್‌ನೆಟ್ ಬರುವುದಕ್ಕೆ ಬಹಳ ಮೊದಲೇ ಇತ್ತು. GM, GA, GE ಅಂತ ಕಳಿಸುತ್ತೇವೆ: ಮಾರ್ನಿಂಗ್, ಆಫ್ಟರ್‌ನೂನ್, ಈವನಿಂಗ್. GN ಮಾತ್ರ ಕೊನೆಗೆ, ಮುಗಿಸುವಾಗ. ನಮ್ಮಲ್ಲಿನ ಮರ್ಯಾದೆ ಏನೆಂದರೆ, ವಂದಿಸುವುದು ಕೇಳುವವರ ಗಡಿಯಾರಕ್ಕೆ. ನನಗೆ ಸರಿರಾತ್ರಿ ಆಗಿದ್ದರೂ ಆ ಕಡೆಯವರಿಗೆ ಬೆಳಗಾಗಿದ್ದರೆ GM ಅಂತಲೇ ಕುಟ್ಟುತ್ತೇನೆ. ಲಾಗ್ ಪುಸ್ತಕದಲ್ಲಿ ಬರೆಯುವುದು ಮಾತ್ರ ಎಲ್ಲರಿಗೂ ಒಂದೇ ಆದ ಜಾಗತಿಕ ಸಮಯ, ಯುಟಿಸಿ.

ಹೊಸ_ನಿರೂಪಕಿ
ತಾತ, ಆ ಕಡೆಯವರಿಗೆ ಎಷ್ಟು ಗಂಟೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ? ಮುಖ ಕಾಣಲ್ಲ, ಹೆಸರೂ ಗೊತ್ತಿರಲ್ಲ.

ತಂತಿ_ತಾತ
ಕಾಲ್‌ಸೈನ್ ನೋಡಿ ತಾಯಿ, ನಮ್ಮಲ್ಲಿ ಒಬ್ಬೊಬ್ಬರಿಗೂ ಇರುವ ಗುರುತಿನ ಅಕ್ಷರ, ಅಂಕಿ. JA ಇಂದ ಶುರುವಾದರೆ ಜಪಾನ್, G ಇದ್ದರೆ ಇಂಗ್ಲೆಂಡ್, VK ಅಂದರೆ ಆಸ್ಟ್ರೇಲಿಯಾ. ಕೂಡಿ ಕಳೆದರೆ ಗಂಟೆ ಸಿಗುತ್ತದೆ. ಅಮೆರಿಕದವರದು ತಲೆನೋವು. W6 ಅಂದರೆ ಕ್ಯಾಲಿಫೋರ್ನಿಯಾ ಅಂದುಕೊಳ್ಳುತ್ತೇವೆ. ಆದರೆ ಮನೆ ಬದಲಿಸಿದರೂ ಅಲ್ಲಿ ಹಳೆಯ ಕಾಲ್‌ಸೈನ್ ಇಟ್ಟುಕೊಳ್ಳಬಹುದು. ಆ ಮನುಷ್ಯ ಈಗ ಪೂರ್ವ ಕರಾವಳಿಯಲ್ಲಿ ಇರಬಹುದು. ಮೂರು ಗಂಟೆ ವ್ಯತ್ಯಾಸ, ಮಾರ್ನಿಂಗ್ ಹೋಗಿ ಆಫ್ಟರ್‌ನೂನ್ ಆಗಿರುತ್ತದೆ.

ಅನುಮಾನ ಬಂದರೆ ನಾವು DR OM ಅನ್ನುತ್ತೇವೆ. ಡಿಯರ್ ಓಲ್ಡ್ ಮ್ಯಾನ್. ಹದಿನೆಂಟರ ಹುಡುಗನಿಗೂ ಅದೇ. ಯಾವ ಹೊತ್ತಿಗೂ ನಡೆಯುತ್ತದೆ. ಮುಗಿಸುವಾಗ 73, ಅಂದರೆ ಶುಭಾಶಯ. ಅದಕ್ಕೂ ಹೊತ್ತು ಗೊತ್ತು ಇಲ್ಲ.

ಕಡ್ಡಿಮಾತು
ಹೆಂಗಸರಿಗೂ ಓಲ್ಡ್ ಮ್ಯಾನ್ ಅಂತೀರಾ ತಾತ?

ತಂತಿ_ತಾತ
ಅವರಿಗೆ YL, ಯಂಗ್ ಲೇಡಿ. ವಯಸ್ಸು ಎಷ್ಟಾದರೂ. ನಮ್ಮ ಕಡೆ ಗಂಡಸರು ಹುಟ್ಟುತ್ತಲೇ ಮುದುಕರು, ಹೆಂಗಸರಿಗೆ ವಯಸ್ಸೇ ಆಗಲ್ಲ.

ಪದಪ್ರಿಯ
ಗುಡ್ ನೈಟ್ ವಿಷಯ ನಾನು ಪೂರ್ತಿ ಒಪ್ಪಲ್ಲ. ನನ್ನ ಸ್ಪ್ಯಾನಿಷ್ ಸಹೋದ್ಯೋಗಿ ರಾತ್ರಿ ಕಾಲ್ ಶುರು ಮಾಡುವಾಗಲೇ "ಬ್ಯುನಾಸ್ ನೋಚೆಸ್" ಅನ್ನುತ್ತಾರೆ. ಅದು ಶುಭರಾತ್ರಿಯೇ ಅಲ್ವಾ?

ಹಾರುವ_ಚಾಪೆ
ನೀವು ಹೇಳಿದ್ದು ಸ್ಪ್ಯಾನಿಷ್‌ಗೆ ಸರಿ. ಪೋರ್ಚುಗೀಸಿನ "ಬೋವಾ ನೊಯ್ಟೆ" ಕೂಡ ಬರುವಾಗಲೂ ಹೋಗುವಾಗಲೂ ನಡೆಯುತ್ತದೆ. ಇಂಗ್ಲಿಷಿಗೆ ಅದನ್ನು ಎಳೆದು ತಂದರೆ ಮಾತ್ರ ತಪ್ಪಾಗುತ್ತದೆ. ಹೊತ್ತಿನ ಗಡಿಯೂ ಎಲ್ಲ ಕಡೆ ಒಂದೇ ಇಲ್ಲ. ಸ್ಪೇನಿನಲ್ಲಿ ಬೆಳಗಿನ ವಂದನೆ ಮಧ್ಯಾಹ್ನದ ಊಟದ ತನಕ ಎಳೆಯುತ್ತದೆ, ಆ ಊಟ ಎರಡಕ್ಕೋ ಎರಡೂವರೆಗೋ. ಇಟಲಿಯಲ್ಲಿ ಕೆಲವು ಕಡೆ ಮಧ್ಯಾಹ್ನ ಇಳಿಯುತ್ತಿದ್ದಂತೆ ಸಂಜೆಯ ವಂದನೆ "ಬುವೊನಸೇರಾ" ಶುರು, ಇನ್ನೂ ಬಿಸಿಲು ಇರುವಾಗಲೇ. ಫ್ರೆಂಚಿನವರದು ಆರಾಮ. "ಬೊಂಜೂರ್" ಅಂದುಬಿಟ್ಟರೆ ಸಂಜೆ ತನಕ ಯೋಚನೆಯೇ ಇಲ್ಲ.

ನನಗೆ ತುಂಬಾ ಇಷ್ಟವಾದದ್ದು ಜಪಾನಿನದು. ಬೆಳಗಿನ "ಓಹಾಯೋ ಗೊಝೈಮಸ್" ಅನ್ನು ಅಲ್ಲಿ ಎಷ್ಟೋ ಕೆಲಸದ ಜಾಗಗಳಲ್ಲಿ ಸಂಜೆ ಪಾಳಿಗೆ ಬಂದವರೂ ಹೇಳುತ್ತಾರೆ. ಮನರಂಜನೆ ಕ್ಷೇತ್ರದಲ್ಲಿ ಅಂತೂ ಇದು ಮಾಮೂಲು. ಅಲ್ಲಿ ಅದು ಸೂರ್ಯನ ಲೆಕ್ಕ ಅಲ್ಲ, ಇವತ್ತಿನ ಕೆಲಸಕ್ಕೆ ಈಗ ಬಂದೆ ಅನ್ನುವ ಲೆಕ್ಕ.

ಗೂಬೆಕಣ್ಣು
ಇದು ನನ್ನ ಮಾತು! ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ರಾತ್ರಿ 8ಕ್ಕೆ ಎದ್ದು ಮುಖ ತೊಳೆದು ಬಂದವಳಿಗೆ, ಮನೆಗೆ ಹೊರಟವರು ಗುಡ್ ನೈಟ್ ಅಂತಾರೆ. ನನಗೆ ನೈಟ್ ಈಗ ಶುರು, ಗುಡ್ ಆಗುತ್ತೋ ಇಲ್ವೋ ದೇವರೇ ಬಲ್ಲ. ಬೆಳಗ್ಗೆ ಪಾಳಿ ಬಿಡುವಾಗ ಹೊಸಬರು ಗುಡ್ ಮಾರ್ನಿಂಗ್ ಅಂತಾರೆ, ನನ್ನ ಕಣ್ಣು ಮುಚ್ಚುತ್ತಿರುತ್ತದೆ. ನಾವು ರಾತ್ರಿಯವರು ಒಬ್ಬರಿಗೊಬ್ಬರು ಸುಮ್ನೆ "ಏನ್ ಸಮಾಚಾರ" ಅಂದ್ಕೋತೀವಿ.

ಇನ್ನೊಂದು ಮಾತು. ವಾರ್ಡಿನ ಹೊರಗೆ ಕಾಯುತ್ತಾ ಕೂತವರಿಗೆ ನಾನು ಯಾವ ಗುಡ್ಡನ್ನೂ ಸೇರಿಸಲ್ಲ. ಅವರ ಬೆಳಗು ಚೆನ್ನಾಗಿದೆಯೋ ಇಲ್ಲವೋ ನಮಗೆ ಗೊತ್ತಿರಲ್ಲ. ನಮಸ್ಕಾರ ಅಂದು ವಿಷಯಕ್ಕೆ ಬರುತ್ತೇನೆ.

ಹೊಸ_ನಿರೂಪಕಿ
ಇದು ನನಗೆ ಹೊಳೆದಿರಲಿಲ್ಲ. ಹೊತ್ತು ಸರಿ ಇದ್ದರೂ ಗುಡ್ ಅನ್ನುವುದು ಕೂರದ ಸಂದರ್ಭ ಇರುತ್ತದೆ.

ಸುಮ್ನೆ_ಓದುಗ
ಹೌದು. ಸಾವಿನ ಮನೆಗೆ ಫೋನ್ ಮಾಡಿ ಗುಡ್ ಮಾರ್ನಿಂಗ್ ಅಂದವರನ್ನು ನೋಡಿದ್ದೇನೆ. ಅಭ್ಯಾಸಬಲ. ಆ ಕಡೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ದೂರು ಕೊಡಲು ಫೋನ್ ಮಾಡಿದವರಿಗೆ "ವೆರಿ ವೆರಿ ಗುಡ್ ಮಾರ್ನಿಂಗ್" ಅಂತ ಹಾಡುವುದೂ ಅದೇ ಜಾತಿ.

ಸೆಮಿಕೋಲನ್
ಪ್ರೋಗ್ರಾಮರ್ ಕಡೆಯಿಂದ ಎರಡು ಮಾತು. ಲಾಗಿನ್ ಆದ ತಕ್ಷಣ "ಶುಭೋದಯ" ಅಂತ ತೋರಿಸುವ ಪುಟಗಳಲ್ಲಿ ಇದೇ ತಪ್ಪುಗಳು ನಡೆಯುತ್ತವೆ. ಒಂದು ಸಲ ನನ್ನ ಕೈಗೆ ಬಂದ ದೂರು ಹೀಗಿತ್ತು: ಸಂಜೆ 5ಕ್ಕೆ ಪುಟ ತೆರೆದರೆ ಶುಭೋದಯ ಬರುತ್ತಿದೆ, ಐದೂವರೆ ಆದ ಮೇಲೆ ಶುಭ ಮಧ್ಯಾಹ್ನ. ಕಾರಣ ಏನಿರಬಹುದು ಹೇಳಿ?

ಕಡ್ಡಿಮಾತು
ಬರೆದವನಿಗೆ ನಿದ್ದೆ.

ತಂತಿ_ತಾತ
ಐದೂವರೆ ಗಂಟೆ ವ್ಯತ್ಯಾಸ. ಸರ್ವರ್ ಯುಟಿಸಿಯಲ್ಲಿ ಇದೆ.

ಸೆಮಿಕೋಲನ್
ತಾತನಿಗೆ ಪೂರ್ತಿ ಅಂಕ. ಭಾರತದ ಸಂಜೆ 5 ಅಂದರೆ ಯುಟಿಸಿ 11:30, ಅದಕ್ಕೆ ಶುಭೋದಯ. ಗಂಟೆಯನ್ನು ಓದುತ್ತಿದ್ದದ್ದು ಸರ್ವರ್, ಓದಬೇಕಾಗಿದ್ದದ್ದು ನೋಡುವವರ ಬ್ರೌಸರ್. ತಪ್ಪು ಇದೇನಾ ಅಂತ ಕಂಡುಹಿಡಿಯುವುದು ಸುಲಭ: ವಂದನೆ ಬದಲಾಗುವ ನಿಮಿಷ ಗಮನಿಸಿ. 12ಕ್ಕೆ ಬದಲಾಗಬೇಕಾದದ್ದು ಐದೂವರೆಗೆ ಬದಲಾದರೆ ಗಡಿಯಾರ ಬೇರೆಯವರದು. ಎಷ್ಟು ಹೊತ್ತಾದರೂ ಬದಲಾಗದೆ ಕೂತಿದ್ದರೆ ಅದು ಮೊದಲೇ ಉಳಿಸಿಟ್ಟ, ಅಂದರೆ ಕ್ಯಾಶ್ ಆದ, ಹಳೆಯ ಪುಟ.

ಈಗ ನಾನು ಬರೆಯುವುದು ಹೀಗೆ, ಬ್ರೌಸರಿನಲ್ಲೇ ಓಡುತ್ತದೆ:

```js
const h = new Date().getHours();
let g = "ನಮಸ್ಕಾರ";
if (h >= 5 && h < 11) g = "ಶುಭೋದಯ";
else if (h >= 17 && h < 22) g = "ಶುಭ ಸಂಜೆ";
```

ಪದಪ್ರಿಯ
ಮಧ್ಯಾಹ್ನ ಎಲ್ಲಿ ಹೋಯಿತು? ರಾತ್ರಿ?

ಸೆಮಿಕೋಲನ್
ಬೇಕೆಂದೇ ಬಿಟ್ಟಿದ್ದೇನೆ. ಬಾಯಿಮಾತಿನಲ್ಲಿ "ಶುಭ ಮಧ್ಯಾಹ್ನ" ಅನ್ನುವವರನ್ನು ನಾನು ಕಂಡಿಲ್ಲ, ಪರದೆ ಮೇಲೆ ಓದಿದರೂ ಕೃತಕ ಅನಿಸುತ್ತದೆ. ರಾತ್ರಿಯದು ತಾತ ಹೇಳಿದ ಕಾರಣ. ರಾತ್ರಿ 11ಕ್ಕೆ ಕೆಲಸಕ್ಕೆಂದು ಲಾಗಿನ್ ಆದವರಿಗೆ ಶುಭರಾತ್ರಿ ತೋರಿಸುವುದು ಅಂದರೆ ಎದ್ದು ಹೋಗಿ ಅಂದ ಹಾಗೆ. ಬರೀ `h < 12` ಅಂತ ಬರೆದವರ ಪುಟ ರಾತ್ರಿ 1ಕ್ಕೆ ಶುಭೋದಯ ಅನ್ನುತ್ತದೆ, ಅದೂ ನೋಡಿದ್ದೇನೆ. ಅದಕ್ಕೇ ಕೆಳಗಿನ ಗಡಿ 5 ಹಾಕಿದ್ದು.

ಯೂನಿಕೋಡಿನವರ ಸಿಎಲ್‌ಡಿಆರ್ ಅಂತ ಒಂದು ದತ್ತಾಂಶ ಇದೆ, ಯಾವ ಭಾಷೆಯಲ್ಲಿ ದಿನಾಂಕ, ಸಮಯ ಹೇಗೆ ಬರೆಯಬೇಕು ಅನ್ನುವುದು ಅದರಲ್ಲಿದೆ, ಹೊತ್ತುಗಳ ಪಟ್ಟಿಯೂ ಇದೆ. ಇಂಗ್ಲಿಷಿಗೆ 6ರಿಂದ 12 ಬೆಳಗ್ಗೆ, 12ರಿಂದ 18 ಮಧ್ಯಾಹ್ನ, 18ರಿಂದ 21 ಸಂಜೆ, ಆಮೇಲೆ ರಾತ್ರಿ. ಅದು "ರಾತ್ರಿ 9 ಗಂಟೆ" ಅಂತ ಸಮಯ ತೋರಿಸಲು ಮಾಡಿದ್ದು. ಅದನ್ನೇ ತಂದು ವಂದನೆಗೆ ಅಂಟಿಸಿದರೆ 9ಕ್ಕೆ ಸರಿಯಾಗಿ ಗುಡ್ ನೈಟ್ ಬರುತ್ತದೆ.

ಹಾರುವ_ಚಾಪೆ
11ಕ್ಕೇ ಶುಭೋದಯ ನಿಲ್ಲಿಸಿದ್ದು ಯಾಕೆ? ಗುಡ್ ಮಾರ್ನಿಂಗ್ 12ರ ತನಕ ಇದೆ.

ಸೆಮಿಕೋಲನ್
ಇಂಗ್ಲಿಷ್ ಪುಟಕ್ಕೆ 12 ಇಟ್ಟಿದ್ದೇನೆ. ಕನ್ನಡಕ್ಕೆ 11. ಉದಯ ಅನ್ನುವ ಮಾತು ಹನ್ನೊಂದೂವರೆ ಬಿಸಿಲಿಗೆ ಹೊಂದಲ್ಲ ಅನ್ನುವುದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ.

ಪದಪ್ರಿಯ
ಜಗಳಕ್ಕೆ ಬಂದೆ. ಹಾಗಾದರೆ 9ಕ್ಕೂ ಉದಯ ಇಲ್ಲ. 7ಕ್ಕೆ ನಿಲ್ಲಿಸಿ.

ಹೊಸ_ನಿರೂಪಕಿ
ಇಬ್ಬರೂ ತಡೀರಿ, ನನ್ನ ಮೀಟಿಂಗ್‌ಗೆ ವಾಪಸ್ ಬನ್ನಿ. ಕೇಳುವವರ ಗಡಿಯಾರ ಅನ್ನುವುದು ಒಪ್ಪಿದೆ. ಆದರೆ ಕೇಳುವವರು ಮೂರು ಕಡೆ ಇದ್ದರೆ?

ತಂತಿ_ತಾತ
ಲೆಕ್ಕ ಹಾಕಿ ನೋಡೋಣ. ನಿಮ್ಮ ಸಂಜೆ 5 ಅಂದರೆ ಯುಟಿಸಿ 11:30. ಟೋಕಿಯೋದಲ್ಲಿ ರಾತ್ರಿ 8:30, ಅವರು ಗಡಿಯಾರ ಬದಲಿಸುವುದಿಲ್ಲ, ವರ್ಷವಿಡೀ ಅದೇ. ನ್ಯೂಯಾರ್ಕ್‌ನಲ್ಲಿ ಚಳಿಗಾಲಕ್ಕೆ ಬೆಳಗ್ಗೆ 6:30, ಬೇಸಿಗೆಗೆ 7:30. ಎರಡೂ ಬೆಳಗ್ಗೆಯೇ. ಲಂಡನ್ ನೋಡಿ ಈಗ. ಚಳಿಗಾಲದಲ್ಲಿ 11:30, ಬೇಸಿಗೆಯಲ್ಲಿ 12:30. ಅದೇ ಜನ, ಅದೇ ಮೀಟಿಂಗ್. ಆದರೆ ಮಾರ್ಚ್ ಕೊನೆಯ ಭಾನುವಾರ ದಾಟಿದ ಮೇಲೆ ಗುಡ್ ಮಾರ್ನಿಂಗ್ ಹೋಗಿ ಗುಡ್ ಆಫ್ಟರ್‌ನೂನ್. ಅಕ್ಟೋಬರ್ ಕೊನೆಯ ಭಾನುವಾರ ವಾಪಸ್. ಅಮೆರಿಕದವರು ಮಾರ್ಚ್ ಎರಡನೇ ಭಾನುವಾರವೇ ಗಡಿಯಾರ ತಿರುಗಿಸಿರುತ್ತಾರೆ. ನಡುವಿನ ಎರಡು ಮೂರು ವಾರ ಯಾರಿಗೂ ಲೆಕ್ಕ ಬಾಯಿಗೆ ಬರಲ್ಲ.

ಇನ್ನೂ ಇದೆ. ಚಳಿಗಾಲದಲ್ಲಿ ಲಂಡನ್ನಿನವರು ಬೆಳಗ್ಗೆ ಸೇರಿ ಮಧ್ಯಾಹ್ನ 12:30ಕ್ಕೆ ಹೊರಡುತ್ತಾರೆ. ಹತ್ತು ನಿಮಿಷ ತಡವಾಗಿ ಬಂದವರು ಇನ್ನೂ ಮಾರ್ನಿಂಗ್, ಮುಕ್ಕಾಲು ಗಂಟೆ ತಡವಾಗಿ ಬಂದವರು ಆಫ್ಟರ್‌ನೂನ್. ಹಾಗಾಗಿ ಗುಂಪಿಗೆ ಹೊತ್ತಿನ ವಂದನೆ ಬೇಡ. "ಹಲೋ ಎವರಿವನ್, ವೆಲ್‌ಕಮ್" ಸಾಕು. ಕನ್ನಡದ ಗುಂಪಾದರೆ "ಎಲ್ಲರಿಗೂ ನಮಸ್ಕಾರ".

ಕಡ್ಡಿಮಾತು
ಮೊದಲ ಉತ್ತರದಲ್ಲೇ ಹೇಳಿದ್ದೆ. ಯಾರೂ ಕೇಳಲಿಲ್ಲ.

ಹಾರುವ_ಚಾಪೆ
ನೀವು ಹೇಳಿದ್ದು ಸರಿ, ಆದರೆ ಅದು ಸ್ವಲ್ಪ ಒಣ ಒಣ ಅಲ್ವಾ? ಬೆಳಗ್ಗೆ ಆರೂವರೆಗೆ ಎದ್ದು ಕ್ಯಾಮೆರಾ ಮುಂದೆ ಕೂತವರಿಗೆ ಅವರ ಹೊತ್ತನ್ನು ಗುರುತಿಸಿದರೆ ಖುಷಿಯಾಗುತ್ತದೆ. ಆ ಮೂರೂ ವಂದನೆ ಹೇಳುತ್ತಿದ್ದವರ ಉದ್ದೇಶ ಅದೇ ಇರಬೇಕು. ನಾನು ಅವರ ಪರ.

ಸುಮ್ನೆ_ಓದುಗ
ಮೂರನ್ನೂ ಹೇಳಿದರೆ ಯಾರಿಗೂ ಹೇಳಿದ ಹಾಗಲ್ಲ. ಇದು ನಿಮಗೆ ಅಂತ ಅವರೇ ಆರಿಸಿಕೊಳ್ಳಬೇಕು.

ತಂತಿ_ತಾತ
ಚಾಪೆಯವರ ಮಾತಿನಲ್ಲಿ ಹುರುಳಿದೆ. ಎರಡನ್ನೂ ಮಾಡಬಹುದು. ಗುಂಪಿಗೆ ಹೊತ್ತಿಲ್ಲದ ವಂದನೆ, ಒಬ್ಬೊಬ್ಬರಿಗೆ ಅವರ ಹೊತ್ತಿನ ವಂದನೆ. ಶುರುವಾಗುವ ಮೊದಲು ಒಬ್ಬೊಬ್ಬರೇ ಸೇರುವ ಎರಡು ನಿಮಿಷ ಇರುತ್ತದಲ್ಲ, ಆಗ ನ್ಯೂಯಾರ್ಕಿನವರಿಗೆ ಗುಡ್ ಮಾರ್ನಿಂಗ್, ಟೋಕಿಯೋದವರಿಗೆ ಗುಡ್ ಈವನಿಂಗ್. ಲಂಡನ್ನಿನವರಿಗೆ ಸಂಶಯ ಬಂದರೆ ಹಲೋ. ರೆಕಾರ್ಡಿಂಗ್ ಒತ್ತಿದ ಮೇಲೆ ಮಾತ್ರ ಹೊತ್ತನ್ನು ಬಾಯಿಗೆ ತರಬೇಡಿ. ಅದನ್ನು ಯಾರು ಎಷ್ಟೊತ್ತಿಗೆ ನೋಡುತ್ತಾರೋ.

ಹೊಸ_ನಿರೂಪಕಿ
ಇದು ಚೆನ್ನಾಗಿದೆ, ಮುಂದಿನ ಮಂಗಳವಾರ ಹೀಗೇ ಮಾಡುತ್ತೇನೆ. ಮುಗಿಸುವಾಗ? ನಾನು "ಹ್ಯಾವ್ ಎ ನೈಸ್ ಡೇ" ಅನ್ನುತ್ತಿದ್ದೇನೆ.

ಗೂಬೆಕಣ್ಣು
ಟೋಕಿಯೋದಲ್ಲಿ ಆಗ ರಾತ್ರಿ 9:30. ದಿನ ಮುಗಿದೇ ಹೋಗಿದೆ ಪಾಪ. "ಮುಂದಿನ ವಾರ ಸಿಗೋಣ" ಅಂದ್ಬಿಡಿ, ಅದು ಎಲ್ಲರಿಗೂ ನಿಜ.

ಹಾರುವ_ಚಾಪೆ
"ಗುಡ್ ಡೇ" ಅಂತ ಬರೀ ಎರಡೇ ಪದ ಹೇಳಿ ಹೊರಡಬೇಡಿ ಮತ್ತೆ. ಇಂಗ್ಲಿಷಿನಲ್ಲಿ ಅದು ಮಾತು ಮುರಿದು ಎದ್ದ ಹಾಗೆ ಕೇಳಿಸುತ್ತದೆ. ಆಸ್ಟ್ರೇಲಿಯಾದ "ಗಡ್ಡೇ" ಬೇರೆ, ಅದು ಸ್ನೇಹದ್ದು, ಸಿಕ್ಕಾಗ ಹೇಳುವುದು.

ಬೆಳಗಿನ_ಬಾನು
ಮೇಲ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ರಾತ್ರಿ ಬರೆದು ಬೆಳಗ್ಗೆ 8ಕ್ಕೆ ಹೋಗುವ ಹಾಗೆ ಶೆಡ್ಯೂಲ್ ಮಾಡಿ "ಗುಡ್ ಮಾರ್ನಿಂಗ್" ಹಾಕುತ್ತೇನೆ. ತಪ್ಪಾ?

ಕಡ್ಡಿಮಾತು
ಶುಭೋದಯ ಕಳಿಸಬೇಡಿ ಅಂದವರು ನೀವೇ ಅಲ್ವಾ.

ಬೆಳಗಿನ_ಬಾನು
ನಾನು ಹೂವಿನ ಚಿತ್ರ ಹಾಕಲ್ಲ.

ಸುಮ್ನೆ_ಓದುಗ
ಒಬ್ಬರಿಗೇ ಬರೆದದ್ದು, ಅವರು ಎಲ್ಲಿದ್ದಾರೆ ಗೊತ್ತು, ಬೆಳಗ್ಗೆಯೇ ಮೇಲ್ ನೋಡುತ್ತಾರೆ ಅಂತಲೂ ಗೊತ್ತು ಅಂದರೆ ಪರವಾಗಿಲ್ಲ. ಇಲ್ಲದಿದ್ದರೆ ಹೆಸರು ಹಾಕಿ ಶುರು ಮಾಡಿ. ಮೇಲ್ ಓದುವ ಹೊತ್ತು ಕಳಿಸಿದವರ ಕೈಯಲ್ಲಿಲ್ಲ. ಅದನ್ನೇ ಯಾರೋ ಫಾರ್ವರ್ಡ್ ಮಾಡಿದರೆ ಮೂರನೆಯವರು ಮಧ್ಯರಾತ್ರಿ ಗುಡ್ ಮಾರ್ನಿಂಗ್ ಓದುತ್ತಾರೆ. ಚಾಟ್‌ನಲ್ಲಿ ಎದುರಿನವರು ಆನ್‌ಲೈನ್ ಇದ್ದರೆ ಮಾತ್ರ ಹೊತ್ತಿನ ವಂದನೆ ಸರಿ. ಹಾಗಂತ ಬರೀ "ಗುಡ್ ಮಾರ್ನಿಂಗ್" ಕಳಿಸಿ ಉತ್ತರಕ್ಕೆ ಕಾಯಬೇಡಿ, ವಿಷಯವನ್ನೂ ಅದರ ಜೊತೆಗೇ ಬರೆಯಿರಿ.

ಪದಪ್ರಿಯ
ಫೋನ್ ಕಾಲ್‌ಗೆ ಈ ತೊಂದರೆ ಇಲ್ಲ. ನಂಬರಿನ ಕೋಡ್ ನೋಡಿದರೆ ದೇಶ ಗೊತ್ತಾಗುತ್ತದೆ. +44 ಅಂದರೆ ಬ್ರಿಟನ್.

ತಂತಿ_ತಾತ
ನಂಬರ್ ಬ್ರಿಟನ್ನಿನದು, ಮನುಷ್ಯ ಎಲ್ಲಿದ್ದಾನೋ. ನಮ್ಮ W6 ಕಥೆಯೇ ಇದು. ಪ್ರವಾಸದಲ್ಲಿದ್ದವರು ಸಿಮ್ ಬದಲಿಸಿರುವುದಿಲ್ಲ.

ಸೆಮಿಕೋಲನ್
ಸ್ವಲ್ಪ ಬೇರೆ ವಿಷಯ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಕ್ಕೆ ಸುಮಾರು 16 ಸಲ ಸೂರ್ಯ ಹುಟ್ಟುತ್ತಾನೆ. ಅಲ್ಲಿನವರು ಯುಟಿಸಿ ಹಿಡಿದುಕೊಂಡು ಬದುಕುತ್ತಾರೆ. ಸಿಎಲ್‌ಡಿಆರ್‌ಗೂ ಸೂರ್ಯನಿಗೂ ಸಂಬಂಧ ಇಲ್ಲ, ಅವರಿಗೂ ಇಲ್ಲ.

ಗೂಬೆಕಣ್ಣು
16 ಸಲ ಶುಭೋದಯ. ಬಾನು ಅವರ ಫ್ಯಾಮಿಲಿ ಗ್ರೂಪ್ ಅಲ್ಲಿಗೆ ಹೋಗದೆ ಇರಲಿ.

ಪದಪ್ರಿಯ
ಎಲ್ಲ ಸರಿ, ಒಂದು ಉಳಿಯಿತು. ಸಂಜೆ ಯಾವಾಗ ಶುರು? ಸೆಮಿಕೋಲನ್ 17 ಹಾಕಿದ್ದಾರೆ, ಅವರೇ ಹೇಳಿದ ಪಟ್ಟಿಯಲ್ಲಿ 18 ಇದೆ. ಲಂಡನ್ನಿನಲ್ಲಿ ಡಿಸೆಂಬರಿಗೆ 4ಕ್ಕೇ ಕತ್ತಲು. ಕತ್ತಲಾದ ಮೇಲೆ ಗುಡ್ ಆಫ್ಟರ್‌ನೂನ್ ಅನ್ನೋದಾ?

ಹಾರುವ_ಚಾಪೆ
ಆಫೀಸಿನ ಒಳಗೆ ಇದ್ದಾಗ ಅನ್ನುತ್ತಾರೆ. ಹೊರಗೆ ಬೀದಿಯಲ್ಲಿ ಸಿಕ್ಕರೆ ಈವನಿಂಗ್ ಅಂದವರೂ ಇದ್ದಾರೆ.

ಸೆಮಿಕೋಲನ್
ನನ್ನ ಕೋಡ್‌ಗೆ ಕಿಟಕಿ ಇಲ್ಲ. 17 ಇರಲಿ.

ಪದಪ್ರಿಯ
18.